ಮೊದಲ ಮೂರು ದಿನ ತಾಯಿಗೆ ಹಾಲೇ ಬರುವುದಿಲ್ಲವೇ? ಗರ್ಭಿಣಿಯರು ಹೆರಿಗೆಗೆ ಮುಂಚೆಯೇ ಕಲಿಯಬೇಕಾದದ್ದು ಇಲ್ಲಿದೆ

“ಹೆರಿಗೆಯಾದ ಮೊದಲ ಮೂರು ದಿನ ಹಾಲು ಬರುವುದಿಲ್ಲ. ಅಲ್ಲಿಯವರೆಗೆ ಮಗುವಿಗೆ ಸಕ್ಕರೆ ನೀರು ಅಥವಾ ಜೇನುತುಪ್ಪ ಕೊಡಿ.” ಬಾಣಂತಿ ಆರೈಕೆಯ ಹೆಸರಿನಲ್ಲಿ ಇಂಥ ಸಲಹೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ಸುಳ್ಳು. ಆದರೆ ಸುಳ್ಳು ಎಂದಷ್ಟೇ ಹೇಳಿದರೆ ಸಾಲದು. ಮೂರನೇ ದಿನ ಮಗು ಅಳುತ್ತಿರುವಾಗ ಏನು ಮಾಡಬೇಕೆಂಬುದು ತಾಯಿಗೂ ಮನೆಯವರಿಗೂ ಮೊದಲೇ ಗೊತ್ತಿರಬೇಕು.

ಮೂರನೇ ದಿನ ಆಗುವುದೇನು?

ಒಂದು ಉದಾಹರಣೆ ನೋಡೋಣ. ಮಗು ಹುಟ್ಟಿದಾಗ ತೂಕ 2.9 ಕೆಜಿ. ಮೂರನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ತೂಗಿದಾಗ 2.7 ಕೆಜಿ. ಮಗು ಪದೇ ಪದೇ ಅಳುತ್ತದೆ, ತಾಯಿಯ ಮೊಲೆತೊಟ್ಟು ಬಿರುಕು ಬಿಟ್ಟು ಉರಿಯುತ್ತಿದೆ. “ಹಾಲು ಸಾಲ್ತಾ ಇಲ್ಲ ಕಣಮ್ಮ, ಪೌಡರ್ ತರಿಸೋಣ” ಎನ್ನುತ್ತಾರೆ ಅತ್ತೆ.

ಮೊದಲು ತೂಕದ ವಿಷಯ. ಇಳಿದಿರುವುದು 200 ಗ್ರಾಂ, ಅಂದರೆ ಸುಮಾರು ಶೇ. 7. ಮೊದಲ ಕೆಲವು ದಿನ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಶೇ. 10ಕ್ಕಿಂತ ಹೆಚ್ಚು ಇಳಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಎರಡು ವಾರದೊಳಗೆ ತೂಕ ಮತ್ತೆ 2.9ಕ್ಕೆ ಬಂದರೆ ಸರಿಯಾಗಿದೆ ಎಂದರ್ಥ.

ಇನ್ನು ಹಾಲಿನ ವಿಷಯ. ಹೆರಿಗೆಯ ಹೊತ್ತಿಗೇ ಸ್ತನದಲ್ಲಿ ದಪ್ಪನೆಯ ಹಳದಿ ಹಾಲು ಸಿದ್ಧವಾಗಿರುತ್ತದೆ. ಒಂದು ಸಲಕ್ಕೆ ಬರುವುದು ಒಂದು ಚಮಚದಷ್ಟೋ ಅದಕ್ಕಿಂತ ಕಡಿಮೆಯೋ ಇರಬಹುದು. ಮೊದಲ ದಿನ ಮಗುವಿನ ಹೊಟ್ಟೆಗೆ ಬೇಕಾದದ್ದೂ ಅಷ್ಟೇ. ಇದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿದರೆ, ಸೋಂಕಿನಿಂದ ಕಾಪಾಡುವ ಮೊದಲ ರಕ್ಷಣೆಯನ್ನೇ ಚೆಲ್ಲಿದಂತೆ. ಎದೆ ತುಂಬಿ ಭಾರವಾಗುವುದು ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ. “ಮೂರು ದಿನ ಹಾಲಿಲ್ಲ” ಎಂಬ ಮಾತು ಹುಟ್ಟಿದ್ದೇ ಇಲ್ಲಿಂದ.

ಮಗು ಚೀಪಿ ಹಾಲು ಖಾಲಿ ಮಾಡಿದಷ್ಟೂ ದೇಹ ಮತ್ತೆ ಹಾಲು ತಯಾರಿಸುತ್ತದೆ. ಪೌಡರ್ ಹಾಲಿನಿಂದ ಹೊಟ್ಟೆ ತುಂಬಿದ ಮಗು ಕಡಿಮೆ ಚೀಪುತ್ತದೆ, ಆಗ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಹೀಗಾಗಿ ಪೌಡರ್ ತರಿಸುವ ಮುಂಚೆ ನೋಡಬೇಕಾದದ್ದು ಒಂದೇ: ಮಗು ಸ್ತನವನ್ನು ಹೇಗೆ ಹಿಡಿದಿದೆ?

ಬೊಂಬೆ ಹಿಡಿದು ಕಲಿಯುವ 40 ನಿಮಿಷ

ನೋವು, ನಿದ್ದೆಗೇಡಿನ ನಡುವೆ ಇದನ್ನು ಕಲಿಯುವುದು ಕಷ್ಟ. ಏಳನೇ ಅಥವಾ ಎಂಟನೇ ತಿಂಗಳೇ ಸರಿಯಾದ ಸಮಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಅಲ್ಲಿ ಅಥವಾ ಅಂಗನವಾಡಿಯಲ್ಲಿ ಎಂಟು ಹತ್ತು ಗರ್ಭಿಣಿಯರನ್ನು ಕೂರಿಸಿಕೊಂಡು ಇದನ್ನು ಕಲಿಸಬಹುದು. ಅತ್ತೆ, ತಾಯಿ ಅಥವಾ ಗಂಡ ಜೊತೆಗಿದ್ದರೆ ಒಳ್ಳೆಯದು, ಏಕೆಂದರೆ ಮನೆಯಲ್ಲಿ ತೀರ್ಮಾನ ಮಾಡುವವರು ಹೆಚ್ಚಾಗಿ ಅವರೇ. ಬೊಂಬೆ ಇಲ್ಲದಿದ್ದರೆ ಸುತ್ತಿದ ಟವೆಲ್ ಸಾಕು.

ಮೊದಲ 10 ನಿಮಿಷ ಪಾಠ ಬೇಡ. “ಹಾಲು ಕುಡಿಸುವ ಬಗ್ಗೆ ಮನೆಯಲ್ಲಿ ಏನು ಹೇಳುತ್ತಾರೆ?” ಎಂದು ಕೇಳಿ, ಬಂದ ಮಾತುಗಳನ್ನು ಹಾಗೇ ಬರೆದುಕೊಳ್ಳಿ.

ಮುಂದಿನ 20 ನಿಮಿಷ ಅಭ್ಯಾಸ. ಬೆನ್ನಿಗೆ ಆಸರೆ ಕೊಟ್ಟು ಕುಳಿತುಕೊಳ್ಳಿ. ಎಡ ಸ್ತನದಿಂದ ಕುಡಿಸುವುದಾದರೆ ಬೊಂಬೆಯನ್ನು ಬಲಗೈಯಲ್ಲಿ ಹಿಡಿಯಿರಿ. ಅಂಗೈ ಮಗುವಿನ ಭುಜ ಮತ್ತು ಕತ್ತಿಗೆ ಆಸರೆಯಾಗಿರಲಿ, ತಲೆಯನ್ನು ಹಿಂದಿನಿಂದ ಒತ್ತಬಾರದು. ಮಗುವಿನ ಕಿವಿ, ಭುಜ, ಸೊಂಟ ಒಂದೇ ನೇರದಲ್ಲಿರಲಿ, ಹೊಟ್ಟೆ ತಾಯಿಯ ಮೈಗೆ ತಾಗಿರಲಿ. ಕತ್ತು ಒಂದು ಕಡೆಗೆ ತಿರುಗಿದ್ದರೆ ಮಗುವಿಗೆ ನುಂಗಲು ಕಷ್ಟ.

ಮಗುವಿನ ಮೂಗು ಮೊಲೆತೊಟ್ಟಿನ ಎದುರಿಗಿರಲಿ. ತೊಟ್ಟನ್ನು ಮೇಲ್ದುಟಿಗೆ ತಾಗಿಸಿ, ಬಾಯಿ ಆಕಳಿಸಿದಷ್ಟು ಅಗಲವಾಗುವವರೆಗೆ ಕಾಯಿರಿ. ಆಗ ಮಗುವನ್ನು ಎದೆಯ ಹತ್ತಿರ ತನ್ನಿ. ತಾಯಿ ಮಗುವಿನ ಮೇಲೆ ಬಾಗಬಾರದು.

ಹಿಡಿತ ಸರಿಯಾಗಿದ್ದರೆ ನಾಲ್ಕು ಗುರುತು ಕಾಣುತ್ತವೆ:

1. ಬಾಯಿ ಅಗಲವಾಗಿ ತೆರೆದಿದೆ.
2. ಗಲ್ಲ ಸ್ತನಕ್ಕೆ ತಾಗಿದೆ.
3. ಕೆಳದುಟಿ ಹೊರಕ್ಕೆ ಮಡಚಿದೆ.
4. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮಗುವಿನ ಬಾಯಿಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣುತ್ತದೆ.

ಕೆನ್ನೆ ಒಳಕ್ಕೆ ಗುಳಿ ಬೀಳುತ್ತಿದ್ದರೆ, ಚಪ್ ಚಪ್ ಸದ್ದು ಬರುತ್ತಿದ್ದರೆ, ತಾಯಿಗೆ ನೋವು ಮುಂದುವರಿಯುತ್ತಿದ್ದರೆ ಮಗು ಬರೀ ತೊಟ್ಟನ್ನು ಕಚ್ಚಿಕೊಂಡಿದೆ ಎಂದರ್ಥ. ಎಳೆದು ಬಿಡಿಸಬೇಡಿ. ಕಿರುಬೆರಳನ್ನು ಬಾಯಿಯ ಮೂಲೆಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ಮೇಲಿನ ಉದಾಹರಣೆಯಲ್ಲೂ ಆಶಾ ಕಾರ್ಯಕರ್ತೆ ಹಾಲು ಕುಡಿಸುವುದನ್ನು ಕುಳಿತು ನೋಡಿದರೆ ಕಾಣುವುದು ಇದೇ: ಕತ್ತು ತಿರುಗಿದೆ, ಕೆಳದುಟಿ ಒಳಕ್ಕೆ ಮಡಚಿದೆ. ತೊಟ್ಟು ಬಿರುಕು ಬಿಟ್ಟಿದ್ದೂ ಮಗುವಿಗೆ ಹಾಲು ಸಿಗದಿದ್ದೂ ಒಂದೇ ಕಾರಣಕ್ಕೆ. ಹಿಡಿತ ಸರಿಪಡಿಸಿ, ದಿನಕ್ಕೆ 8ರಿಂದ 12 ಸಲ ಕುಡಿಸಿದರೆ ಎರಡೂ ಸುಧಾರಿಸುತ್ತವೆ.

ಬರೆದುಕೊಂಡ ಮಾತುಗಳಿಗೆ ಉತ್ತರ

ಕೊನೆಯ 10 ನಿಮಿಷ ಮೊದಲು ಬರೆದುಕೊಂಡ ಪಟ್ಟಿಗೆ. ನಮ್ಮ ಕಡೆ ಸಾಮಾನ್ಯವಾಗಿ ಕೇಳಿಬರುವ ಮೂರು ಮಾತುಗಳು ಇವು.

*ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತವಾಗುತ್ತದೆ.* ಇಲ್ಲ. ತಾಯಿ ಕುಡಿದ ನೀರಿನ ತಂಪು ಹಾಲಿಗೆ ಹೋಗುವುದಿಲ್ಲ. ನೀರು ಕಡಿಮೆಯಾದರೆ ತಾಯಿಗೆ ಸುಸ್ತು, ಮಲಬದ್ಧತೆ. ಬಾಯಾರಿದಾಗಲೆಲ್ಲ ಕುಡಿಯಬೇಕು.

*ಬೇಸಿಗೆಯಲ್ಲಿ ಮಗುವಿಗೆ ನೀರು, ನಾಲಿಗೆಗೆ ಜೇನುತುಪ್ಪ ಬೇಕು.* ಎದೆಹಾಲಿನಲ್ಲಿ ಸುಮಾರು ಶೇ. 88ರಷ್ಟು ನೀರೇ ಇದೆ, ಹಾಗಾಗಿ ಆರು ತಿಂಗಳವರೆಗೆ ಬೇರೆ ನೀರು ಬೇಡ. ಜೇನುತುಪ್ಪದಲ್ಲಿ ಕೆಲವೊಮ್ಮೆ ಇರುವ ಬ್ಯಾಕ್ಟೀರಿಯಾ ಕಣಗಳು ಶಿಶುವಿನ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲವು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಕೊಡಬಾರದು.

*ಸಿಸೇರಿಯನ್ ಆದವರಿಗೆ ಹಾಲು ಬರುವುದಿಲ್ಲ.* ಬರುತ್ತದೆ, ಕೆಲವರಿಗೆ ಎದೆ ತುಂಬುವುದು ಸ್ವಲ್ಪ ತಡವಾಗಬಹುದು. ಎದ್ದು ಕೂರಲಾಗದಿದ್ದರೆ ಪಕ್ಕಕ್ಕೆ ಮಲಗಿಕೊಂಡೇ ಕುಡಿಸಬಹುದು. ಮಗುವನ್ನು ಹಿಡಿದುಕೊಡಲು ಒಬ್ಬರ ನೆರವು ಬೇಕು, ಅಷ್ಟೇ.

ಹಾಲು ಸಾಲುತ್ತಿದೆ ಎಂದು ತಿಳಿಯುವುದು ಹೇಗೆ?

ಅಳು ಇದಕ್ಕೆ ಅಳತೆಗೋಲಲ್ಲ. ಐದನೇ ದಿನದ ನಂತರ 24 ಗಂಟೆಯಲ್ಲಿ ಕನಿಷ್ಠ ಆರು ಸಲ ಮೂತ್ರ ಮಾಡಬೇಕು. ಅದಕ್ಕಿಂತ ಕಡಿಮೆಯಾದರೆ, ಹಾಲು ಕುಡಿಯಲು ಏಳದಷ್ಟು ಮಗು ಮಂಕಾಗಿದ್ದರೆ, ಅಂಗೈ ಅಂಗಾಲು ಹಳದಿಯಾದರೆ, ಅಥವಾ ತಾಯಿಯ ಸ್ತನ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೆಲವು ಮಕ್ಕಳಿಗೆ ಎದೆಹಾಲಿನ ಜೊತೆ ಬೇರೆ ಹಾಲು ನಿಜಕ್ಕೂ ಬೇಕಾಗುತ್ತದೆ. ಅದನ್ನು ತೂಕ ನೋಡಿ, ಪರೀಕ್ಷಿಸಿ ವೈದ್ಯರು ಹೇಳಬೇಕು. ಎಚ್‌ಐವಿ ಇರುವ ಅಥವಾ ದೀರ್ಘಕಾಲದ ಔಷಧ ತೆಗೆದುಕೊಳ್ಳುತ್ತಿರುವ ತಾಯಂದಿರು ಹೆರಿಗೆಗೆ ಮುಂಚೆಯೇ ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು.

ನಮ್ಮ ತೀರ್ಮಾನ: ಮೊದಲ ಮೂರು ದಿನ ಹಾಲು ಬರುವುದಿಲ್ಲ ಎಂಬ ಸಂದೇಶ ತಪ್ಪು. ಮೊದಲ ಗಂಟೆಯಿಂದಲೇ ಕುಡಿಸಬಹುದಾದ ಹಾಲು ತಾಯಿಯಲ್ಲಿರುತ್ತದೆ. ಆ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಉತ್ತರವಾಗಿ ಹಿಡಿತದ ನಾಲ್ಕು ಗುರುತುಗಳನ್ನು ಕಳುಹಿಸಿ.