ವಾರವೆಲ್ಲ ಡ್ಯೂಟಿ, ಭಾನುವಾರ ಪ್ರಸಂಗ: ಕೆಲಸದ ಜತೆ ಸಭೆ ನಡೆಸುವ ಪಾಸ್ಟರ್‌ಗೆ ಆರು ತಾಸಿನ ತಯಾರಿ ಲೆಕ್ಕ

ರಾಯಚೂರು: ಜಿಲ್ಲೆಯ ಸಣ್ಣ ಸಭೆಗಳಲ್ಲಿ ಪೂರ್ಣಾವಧಿ ಪಾಸ್ಟರ್‌ಗೆ ಸಂಬಳ ಕೊಡುವಷ್ಟು ಕಾಣಿಕೆ ಬರೋದಿಲ್ಲ. ಇಪ್ಪತ್ತು–ಮೂವತ್ತು ಮನೆಗಳು, ಅದರಲ್ಲೂ ಹೆಚ್ಚಿನವು ಕೂಲಿ ಮನೆಗಳು. ಹೀಗಾಗಿ ವಾರವೆಲ್ಲ ಅಂಗಡಿ, ಮಿಲ್, ಶಾಲೆ, ಆಸ್ಪತ್ರೆಯಲ್ಲಿ ದುಡಿದು ಭಾನುವಾರ ಸಭೆ ನಡೆಸುವವರೇ ಅಲ್ಲಿಗೆ ಆಸರೆ. ಇದು ಹೊಸದೂ ಅಲ್ಲ. ಕೊರಿಂಥದಲ್ಲಿ ಪೌಲನು ಅಕ್ವಿಲ, ಪ್ರಿಸ್ಕಿಲ್ಲರ ಜತೆ ಗುಡಾರ ಮಾಡುವ ಕಸುಬು ಮಾಡುತ್ತ ಸಬ್ಬತ್ ದಿನಗಳಲ್ಲಿ ಮಾತಾಡುತ್ತಿದ್ದ ಎಂದು ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ಹೇಳುತ್ತದೆ. ಮೆಥಡಿಸ್ಟ್ ಸಭೆಗಳಲ್ಲೂ ಬೇರೆ ಉದ್ಯೋಗದಲ್ಲಿದ್ದುಕೊಂಡೇ ಪ್ರಸಂಗ ಮಾಡುವ ಸ್ಥಳೀಯ ಪ್ರಸಂಗಿಗಳ ಪದ್ಧತಿ ಮೊದಲಿಂದಲೂ ಇದೆ.

ತೊಂದರೆ ಇರೋದು ಪ್ರಸಂಗದ ತಯಾರಿಯಲ್ಲಿ. ಪೂರ್ಣಾವಧಿ ಪಾಸ್ಟರ್‌ಗೆ ಬೆಳಗಿನ ಹೊತ್ತು ಓದಲು ಸಿಗುತ್ತದೆ. ಡ್ಯೂಟಿಗೆ ಹೋಗುವವರಿಗೆ ಶನಿವಾರ ರಾತ್ರಿ ಮಾತ್ರ ಉಳಿಯುತ್ತದೆ. ಅಷ್ಟು ಹೊತ್ತಿಗೆ ಮೈ ಸೋತಿರುತ್ತದೆ, ಕರೆಂಟ್ ಇರುತ್ತದೋ ಇಲ್ಲವೋ. ಆರು ತಾಸಿನ ಕೆಲಸವನ್ನು ಒಂದೇ ರಾತ್ರಿ ಮಾಡಲು ಹೋದರೆ ಆಗೋದಿಲ್ಲ, ಆದರೆ ಅದನ್ನೇ ಆರು ದಿನಕ್ಕೆ ಹಂಚಿದರೆ ಆಗುತ್ತದೆ.

ಒಬ್ಬರ ವಾರ ಹೀಗಿದೆ ಅಂದುಕೊಳ್ಳಿ

ಉದಾಹರಣೆಗೆ ರಾಯಚೂರು ನಗರದ ಹತ್ತಿ ಮಿಲ್‌ನಲ್ಲಿ ಲೆಕ್ಕ ಬರೆಯುವ ಒಬ್ಬ ಪಾಸ್ಟರ್ ಅವರನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಮನೆಗೆ ಬರೋದು ಸಂಜೆ ಏಳಕ್ಕೆ. ಭಾನುವಾರ ಬೆಳಿಗ್ಗೆ ದೇವದುರ್ಗ ಕಡೆಯ ಹಳ್ಳಿಯಲ್ಲಿ ಒಂದು ಸಭೆ, ಸಂಜೆ ಮಾನ್ವಿಯಲ್ಲಿ ಇನ್ನೊಂದು. ರಾಯಚೂರಿನಿಂದ ದೇವದುರ್ಗ 50 ಕಿ.ಮೀ.ಗಿಂತ ಹೆಚ್ಚು, ಮಾನ್ವಿ ಸುಮಾರು 45 ಕಿ.ಮೀ. ದೇವದುರ್ಗದಿಂದ ಸಿರವಾರದ ಮೇಲೆ ಹಾದು ಮಾನ್ವಿ ಸೇರಬೇಕು. ಅಂದರೆ ಭಾನುವಾರ ಇಡೀ ದಿನ ರಸ್ತೆಗೂ ಸಭೆಗೂ ಹೋಯಿತು, ಅವತ್ತು ತಯಾರಿಗೆ ಒಂದು ನಿಮಿಷವೂ ಇಲ್ಲ.

ಇಂಥವರು ಮೊದಲು ಉಳಿಸಿಕೊಳ್ಳಬೇಕಾದ್ದು ವಾಕ್ಯ ಹುಡುಕುವ ಸಮಯ. ‘ಈ ವಾರ ಏನು ಹೇಳಲಿ’ ಎಂದು ಯೋಚಿಸುತ್ತಲೇ ಬುಧವಾರ ಮುಗಿದು ಹೋಗುತ್ತದೆ. ಸಿಎಸ್‌ಐನಂಥ ಸಭೆಗಳಲ್ಲಿ ಪ್ರತಿ ಭಾನುವಾರದ ಪಾಠಗಳ ಪಟ್ಟಿ ವರ್ಷಕ್ಕೆ ಮುಂಚೆಯೇ ಪಂಚಾಂಗದಲ್ಲಿ ಬಂದಿರುತ್ತದೆ. ಅಂಥ ಪಟ್ಟಿ ಇಲ್ಲದ ಸಭೆಯವರು ಒಂದು ಸುವಾರ್ತೆಯನ್ನು ಹಿಡಿದು ಅಧ್ಯಾಯದ ಮೇಲೆ ಅಧ್ಯಾಯ ಹೋಗಬಹುದು. ಹೇಗಾದರೂ ಸರಿ, ಸೋಮವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಆ ವಾರದ ಭಾಗ ಯಾವುದು ಎಂದು ಗೊತ್ತಿರಬೇಕು. ಎರಡು ಸಭೆಗೂ ಒಂದೇ ಪ್ರಸಂಗ ಸಾಕು. ಎರಡು ಊರಿಗೆ ಎರಡು ಪ್ರಸಂಗ ಮಾಡಲು ಹೋದವರಿಗೆ ಎರಡೂ ಅರ್ಧಂಬರ್ಧ ಆಗುತ್ತವೆ.

ಸೋಮವಾರದಿಂದ ಬುಧವಾರ: ಓದು, ಪ್ರಶ್ನೆ, ಒಂದು ಮಾತು

ಈ ವಾರದ ಭಾಗ ಮತ್ತಾಯ 20:1–16, ದ್ರಾಕ್ಷೆತೋಟದ ಕೂಲಿಯವರ ಸಾಮ್ಯ ಎಂದಿಟ್ಟುಕೊಳ್ಳಿ. ಯಜಮಾನ ಬೆಳಿಗ್ಗೆ, ಒಂಬತ್ತಕ್ಕೆ, ಮಧ್ಯಾಹ್ನ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೆ ಹೋಗಿ ಆಳು ಕರೆತರುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ ಕೊಡುತ್ತಾನೆ.

ಸೋಮವಾರ ಅರ್ಧ ತಾಸು ಸಾಕು. ಬೆಳಿಗ್ಗೆ ಐದೂವರೆಗೆ ಎದ್ದು ಆ ಭಾಗವನ್ನು ಮೂರು ಸಲ ಗಟ್ಟಿಯಾಗಿ ಓದಬೇಕು. ವ್ಯಾಖ್ಯಾನದ ಪುಸ್ತಕ ಮುಟ್ಟಬಾರದು. ನಮ್ಮಲ್ಲಿ ಬೇಸಿಗೆಯಲ್ಲಿ ಎಂಟು ಗಂಟೆಗೆಲ್ಲ ಬಿಸಿಲು ಏರುತ್ತದೆ, ರಾತ್ರಿ ಮಾಳಿಗೆ ಕಾದಿರುತ್ತದೆ. ಹಾಗಾಗಿ ಓದಿಗೆ ಬೆಳಗಿನ ಹೊತ್ತೇ ವಾಸಿ.

ಮಂಗಳವಾರ ಒಂದು ತಾಸು. ಒಂದು ಹಾಳೆಯಲ್ಲಿ ಬರೀ ಪ್ರಶ್ನೆಗಳನ್ನು ಬರೆಯಬೇಕು. ಐದು ಗಂಟೆಯವರೆಗೆ ಇವರು ಯಾಕೆ ನಿಂತಿದ್ದರು? ಉತ್ತರ ಅಲ್ಲೇ ಇದೆ: ಯಾರೂ ಕರೆಯಲಿಲ್ಲ. ಅವರು ಸೋಮಾರಿಗಳಲ್ಲ. ಕೂಲಿಯನ್ನು ಸಂಜೆಯೇ ಯಾಕೆ ಕೊಟ್ಟರು? ಕೂಲಿಯವನ ದುಡ್ಡನ್ನು ರಾತ್ರಿ ಇಟ್ಟುಕೊಳ್ಳಬಾರದು ಎಂಬ ಕಟ್ಟಳೆ ಯಾಜಕಕಾಂಡ 19:13ರಲ್ಲೂ ಧರ್ಮೋಪದೇಶಕಾಂಡ 24:15ರಲ್ಲೂ ಇದೆ. ಕೊನೆಗೆ ಬಂದವರಿಗೆ ಮೊದಲು ಯಾಕೆ ಕೊಟ್ಟರು? ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ತಮ್ಮ ಪಾಲು ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು, ಗೊಣಗಾಟವೇ ಇರುತ್ತಿರಲಿಲ್ಲ. ಎಲ್ಲರೂ ನೋಡಲಿ ಎಂದೇ ಹಿಂದಿನಿಂದ ಶುರುವಾಗಿದೆ. ಈ ಮೂರನೇ ಪ್ರಶ್ನೆ ಶನಿವಾರ ರಾತ್ರಿಯ ಆತುರದಲ್ಲಿ ಹೊಳೆಯೋದಿಲ್ಲ. ಮಂಗಳವಾರ ಬರೆದಿಟ್ಟ ಪ್ರಶ್ನೆಗೆ ಬುಧವಾರ ಬಸ್ ಸ್ಟ್ಯಾಂಡ್‌ನಲ್ಲಿ ನಿಂತಾಗ ಉತ್ತರ ಸಿಗುತ್ತದೆ.

ಬುಧವಾರ ಮುಕ್ಕಾಲು ತಾಸು. ಈಗ ವ್ಯಾಖ್ಯಾನ ನೋಡಬಹುದು, ಆದರೆ ತನ್ನ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮಾತ್ರ. ಆಮೇಲೆ ಇಡೀ ಪ್ರಸಂಗವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಉದಾಹರಣೆಗೆ: ‘ಕೆಲಸ ಸಿಗದೆ ನಿಂತವನ ಮನೆಗೂ ಒಂದು ದಿನದ ಊಟ ಬೇಕು, ಅದನ್ನು ದೇವರು ಲೆಕ್ಕಕ್ಕೆ ಹಿಡಿಯುತ್ತಾನೆ.’ ಬುಧವಾರ ರಾತ್ರಿಗೆ ಈ ಒಂದು ಸಾಲು ಬರದಿದ್ದರೆ ಭಾಗ ದೊಡ್ಡದಾಯಿತು ಎಂದರ್ಥ. ಆಗ ಅದನ್ನು ಅರ್ಧಕ್ಕೆ ಇಳಿಸಬೇಕೇ ಹೊರತು ಇನ್ನೆರಡು ಪುಸ್ತಕ ತೆರೆಯಬಾರದು.

ಗುರುವಾರ: ಮನೆ ಪ್ರಾರ್ಥನೆಯೇ ಪರೀಕ್ಷೆ

ಗುರುವಾರ ರಾತ್ರಿ ಎಂಟಕ್ಕೆ ರಾಯಚೂರಿನಲ್ಲೇ ಒಂದು ಮನೆ ಪ್ರಾರ್ಥನೆ ಇರುತ್ತದೆ. ಅಲ್ಲಿಗೆಂದೇ ಬೇರೆ ವಾಕ್ಯ ತಯಾರು ಮಾಡುವವರು ಬಹಳ. ಅದರ ಬದಲು ಭಾನುವಾರದ ಭಾಗವನ್ನೇ ಅಲ್ಲಿ ಓದಿ, ಹತ್ತು ನಿಮಿಷ ಮಾತಾಡಿ, ಮಿಕ್ಕ ಹೊತ್ತು ಕೇಳಿಸಿಕೊಳ್ಳಬೇಕು. ಒಂದೂವರೆ ತಾಸು ಅಲ್ಲಿ ಹೋಗುತ್ತದೆ, ಆದರೆ ಅದೂ ತಯಾರಿಯೇ.

ದಿನಾ ಕೂಲಿಗೆ ಹೋಗುವವರ ಮುಂದೆ ಈ ಸಾಮ್ಯ ಓದಿದರೆ ಯಾರಾದರೊಬ್ಬರು ಕೇಳದೆ ಬಿಡೋದಿಲ್ಲ: ‘ಅಯ್ಯನವರೇ, ಹಂಗಾದ್ರ ಮರುದಿನ ಬೆಳಿಗ್ಗೆ ಯಾರ್ ಬೇಗ ಬರ್ತಾರ್ರೀ?’ ಇದು ನಿಜವಾದ ಪ್ರಶ್ನೆ. ಮಿಲ್‌ನಲ್ಲಿ ಹಾಜರಿ ಪುಸ್ತಕ ಬರೆಯುವ ಪಾಸ್ಟರ್‌ಗೂ ಅದು ಗೊತ್ತು. ಇದಕ್ಕೆ ಉತ್ತರ ಹೇಳದೆ ಭಾನುವಾರ ‘ದೇವರು ದಯಾಳು’ ಎಂದಷ್ಟೇ ಮುಗಿಸಿದರೆ ಕೇಳುವವರು ತಲೆ ಆಡಿಸುತ್ತಾರೆ, ನಂಬೋದಿಲ್ಲ. ಪ್ರಶ್ನೆ ಗುರುವಾರವೇ ಬಂದರೆ ಯೋಚಿಸಲು ಎರಡು ದಿನ ಇರುತ್ತದೆ. ಯಜಮಾನ ಇಲ್ಲಿ ತೋಟ ನಡೆಸುವ ರೀತಿ ಹೇಳುತ್ತಿಲ್ಲ, ದೇವರ ರಾಜ್ಯ ಎಂಥದ್ದು ಎಂದು ತೋರಿಸುತ್ತಿದ್ದಾನೆ. ಮೊದಲು ಬಂದವನಿಗೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆ ಆಗಿಲ್ಲ. ಅವನ ನೋವು ಪಕ್ಕದವನಿಗೆ ಸಿಕ್ಕಿದ್ದರಿಂದ ಬಂದದ್ದು. ಪ್ರಸಂಗದ ನಡುಭಾಗ ಇಲ್ಲಿ ಸಿಕ್ಕಿತು.

ಶುಕ್ರವಾರ, ಶನಿವಾರ: ಕಟ್ಟುವುದು, ಆಡಿ ನೋಡುವುದು

ಶುಕ್ರವಾರ ಬೆಳಿಗ್ಗೆ ಒಂದು ತಾಸಿನಲ್ಲಿ ಅರ್ಧ ಹಾಳೆಯ ಟಿಪ್ಪಣಿ ಬರೆಯಬೇಕು: ಶುರು, ಗುರುವಾರದ ಪ್ರಶ್ನೆ, ವಾಕ್ಯದ ಉತ್ತರ, ಮುಗಿಸುವ ಮಾತು. ಶುರುವನ್ನೂ ಕೊನೆಯನ್ನೂ ಮಾತ್ರ ಪೂರ್ತಿ ಬರೆದುಕೊಳ್ಳುವುದು ಒಳ್ಳೆಯದು, ಯಾಕಂದರೆ ದಣಿದ ಪ್ರಸಂಗಿ ತಡವರಿಸುವುದು ಆ ಎರಡೇ ಜಾಗದಲ್ಲಿ.

ಶನಿವಾರ ಒಂದೂಕಾಲು ತಾಸು. ಅವತ್ತು ಹೊಸದೇನೂ ಓದಬಾರದು. ಗಡಿಯಾರ ಇಟ್ಟುಕೊಂಡು ಎರಡು ಸಲ ಬಾಯಿಬಿಟ್ಟು ಹೇಳಬೇಕು, ಒಂದು ಸಲ ಹಳ್ಳಿ ಸಭೆಗೆ, ಒಂದು ಸಲ ಮಾನ್ವಿಗೆ. ಮಾತು ಅದೇ, ಉದಾಹರಣೆ ಬೇರೆ. ಹಳ್ಳಿಯಲ್ಲಿ ಹತ್ತಿ ಬಿಡಿಸುವ ಕೂಲಿಯ ಮಾತು, ಮಾನ್ವಿಯಲ್ಲಿ ಅಂಗಡಿ ಸಂಬಳದ ಮಾತು. ಇಪ್ಪತ್ತೈದು ನಿಮಿಷಕ್ಕೆ ಇಟ್ಟುಕೊಂಡದ್ದು ನಲವತ್ತಕ್ಕೆ ಹೋದರೆ ಬುಧವಾರದ ಆ ಒಂದು ಸಾಲನ್ನು ಮತ್ತೆ ನೋಡಿ, ಅದಕ್ಕೆ ಸೇರದ್ದನ್ನು ತೆಗೆದುಹಾಕಬೇಕು. ರಾತ್ರಿ ಹತ್ತರೊಳಗೆ ಮಲಗಬೇಕು. ಮರುದಿನ ಬೈಕ್ ಮೇಲೆ ನೂರು ಕಿ.ಮೀ. ಮೀರಿದ ದಾರಿ ಇದೆ.

ಎಲ್ಲಿ ಕೆಡುತ್ತದೆ

ವಾರದ ನಡುವೆ ಸಾವು ಬಂದರೆ ಲೆಕ್ಕವೆಲ್ಲ ತಪ್ಪುತ್ತದೆ. ನಮ್ಮ ಬಿಸಿಲಿನ ಊರುಗಳಲ್ಲಿ ಮಣ್ಣು ಮಾಡುವುದನ್ನು ಮುಂದೂಡಲು ಬರೋದಿಲ್ಲ. ಅರ್ಧ ದಿನ ರಜೆ ಹಾಕಿ ಹೋಗಲೇಬೇಕು, ರಾತ್ರಿ ಆ ಮನೆಯಲ್ಲಿ ಕೂರಲೂಬೇಕು. ಅಂಥ ವಾರಕ್ಕೆ ಪೂರ್ತಿ ತಯಾರಾದ ಎರಡು ಪ್ರಸಂಗಗಳನ್ನು ಕಾಯ್ದಿಟ್ಟಿರಬೇಕು. ಬಳಸಿದ ಮೇಲೆ ತಿಂಗಳೊಳಗೆ ಅದರ ಜಾಗ ತುಂಬಬೇಕು.

ಇನ್ನೊಂದು ಕಷ್ಟ ಸುಗ್ಗಿಯದು. ಹತ್ತಿ ಮಿಲ್‌ಗೆ ಮಾಲು ಒತ್ತಾಗಿ ಬರುವ ತಿಂಗಳುಗಳೂ ಕ್ರಿಸ್‌ಮಸ್ ತಯಾರಿಯ ವಾರಗಳೂ ಒಂದೇ. ಆಗ ಮನೆ ಸೇರುವುದೇ ರಾತ್ರಿ ಒಂಬತ್ತಾಗುತ್ತದೆ. ಕ್ರಿಸ್ತನ ಆಗಮನಕಾಲದ ನಾಲ್ಕು ಭಾನುವಾರಗಳ ಸೋಮವಾರ–ಬುಧವಾರದ ಕೆಲಸವನ್ನು, ಅಂದರೆ ಓದು, ಪ್ರಶ್ನೆ, ಒಂದು ಸಾಲು, ಮಿಲ್ ಖಾಲಿ ಇರುವ ಮಳೆಗಾಲದಲ್ಲೇ ಮುಗಿಸಿ ಹಾಳೆ ಎತ್ತಿಟ್ಟರೆ ಡಿಸೆಂಬರ್‌ನಲ್ಲಿ ವಾರಕ್ಕೆ ಗುರುವಾರ, ಶುಕ್ರವಾರ, ಶನಿವಾರದ ಕೆಲಸ ಮಾತ್ರ ಉಳಿಯುತ್ತದೆ.

ತಯಾರಿ ಹಳಿ ತಪ್ಪಿದೆ ಎಂದು ಗೊತ್ತಾಗುವುದು ಹೇಗೆ? ಮೂರು ಗುರುತುಗಳಿವೆ. ಓದಿದ ಭಾಗಕ್ಕೂ ಆಡಿದ ಮಾತಿಗೂ ಸಂಬಂಧ ಇರೋದಿಲ್ಲ. ತಿಂಗಳಲ್ಲಿ ಎರಡನೇ ಸಲ ಅದೇ ಕಥೆ ಬರುತ್ತದೆ. ಪ್ರಸಂಗ ವಾರದಿಂದ ವಾರಕ್ಕೆ ಉದ್ದ ಆಗುತ್ತದೆ, ಯಾಕಂದರೆ ಎಲ್ಲಿ ನಿಲ್ಲಿಸಬೇಕು ಎಂದು ಪ್ರಸಂಗಿಗೇ ಗೊತ್ತಿರೋದಿಲ್ಲ. ಇದನ್ನು ಮೊದಲು ಗಮನಿಸುವವರು ಮನೆಯವರು. ಹಾಗಾಗಿ ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯನ್ನೋ ಮಗಳನ್ನೋ ‘ಇವತ್ತು ನಾನು ಹೇಳಿದ್ದು ಏನು’ ಎಂದು ಕೇಳಬೇಕು. ಬುಧವಾರ ಬರೆದ ಆ ಸಾಲಿಗೆ ಹತ್ತಿರದ ಮಾತು ಅವರ ಬಾಯಿಂದ ಬಂದರೆ ಆ ವಾರದ ಆರು ತಾಸು ಸರಿಯಾಗಿ ಬಿದ್ದಿವೆ. ಬರದಿದ್ದರೆ ಯಾವ ದಿನದ ಕೆಲಸ ಬಿಟ್ಟುಹೋಯಿತು ಎಂದು ಮರುದಿನ ಬೆಳಿಗ್ಗೆ ಐದೂವರೆಗೆ ಮೊದಲು ನೋಡಿಕೊಳ್ಳಬೇಕು.