ಅರ್ಧದಲ್ಲಿ ರಿಕ್ರೂಟರ್ ಬದಲಾದರೆ…

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಟ ಬೆಳಗಿನ ಟ್ರೈನು ಬಂಗಾರಪೇಟೆ ಬಿಟ್ಟಿತ್ತಷ್ಟೆ, ಫೋನ್ ಬಂತು. "ನಿಮ್ಮ ಜೊತೆ ಮಾತಾಡ್ತಿದ್ದ ರಿಕ್ರೂಟರ್ ಕಂಪನಿ ಬಿಟ್ಟಿದಾರೆ, ಇನ್ಮುಂದೆ ನಾನೇ ನೋಡ್ಕೊಳ್ತೀನಿ. ನಿಮ್ಮ ಬಗ್ಗೆ ಸ್ವಲ್ಪ ಮೊದಲಿಂದ ಹೇಳ್ತೀರಾ?" ಅಷ್ಟರಲ್ಲಿ ನನ್ನ ಎರಡು ಟೆಕ್ನಿಕಲ್ ರೌಂಡ್ ಮುಗಿದಿದ್ದವು!

ಕೆಜಿಎಫ್‌ನಿಂದ ದಿನಾ ಓಡಾಡುವ ನಮ್ಮಂಥವರಿಗೆ ಇಂಟರ್‌ವ್ಯೂಗೆ ರಜೆ ಹಾಕೋದೇ ಕಷ್ಟ. ಇನ್ನು ಮುಗಿದ ರೌಂಡ್ ಮತ್ತೆ ಅಂದ್ರೆ ಕೇಳಲೇಬೇಡಿ. ಹಾಗಂತ ನಾನು ಕಥೆ ಶುರು ಮಾಡಲಿಲ್ಲ. "ಮೇಡಂ, ಟ್ರೈನ್‌ನಲ್ಲಿದೀನಿ. ಸಿಸ್ಟಂನಲ್ಲಿ ನನ್ನ ಬಗ್ಗೆ ಏನೇನು ಕಾಣಿಸ್ತಿದೆ, ಅದೊಂದು ಹೇಳಿ. ಇಲ್ಲದ್ದನ್ನ ಮೇಲ್ ಮಾಡ್ತೀನಿ" ಅಂದೆ.

ಇಲ್ಲೇ ಇರೋದು ವಿಷಯ. ಹೊಸಬರು ಸಾಮಾನ್ಯವಾಗಿ ಏನೂ ಗೊತ್ತಿಲ್ಲದೆ ಫೋನ್ ಮಾಡಿರೋದಿಲ್ಲ. ರೆಸ್ಯೂಮೆ, ನೀವು ತುಂಬಿದ ಫಾರ್ಮ್, ಯಾವ ರೌಂಡ್‌ನಲ್ಲಿದ್ದೀರಿ ಅನ್ನೋದು ಅವರ ಮುಂದೆ ಇರುತ್ತೆ. ಕಳೆದುಹೋಗೋದು ಹಿಂದಿನವರ ಜೊತೆ ಫೋನ್‌ನಲ್ಲಿ ಆಡಿದ ಮಾತು. ಅವರು ನೋಟ್ಸ್ ಬರೆದಿಡದಿದ್ದರೆ ಅದು ಅವರ ಜೊತೆಗೇ ಹೋಯ್ತು.

ನನ್ನ ವಿಷಯದಲ್ಲಿ ಎರಡು ಕೊರತೆ ಸಿಕ್ಕವು. ಮೊದಲ ರೌಂಡ್‌ನ ಫೀಡ್‌ಬ್ಯಾಕ್ ಸಿಸ್ಟಂನಲ್ಲಿ ಇರಲೇ ಇಲ್ಲ. ಇಂಟರ್‌ವ್ಯೂ ಮಾಡಿದವರು ತುಂಬಿರಲಿಲ್ಲ. ಎರಡನೆಯದು ಸಂಬಳ. ಅಪ್ಲೈ ಮಾಡುವಾಗ ಫಾರ್ಮ್‌ನಲ್ಲಿ 18 ಲಕ್ಷ ಅಂತ ಹಾಕಿದ್ದೆ. ಆಮೇಲೆ ಹಳೇ ರಿಕ್ರೂಟರ್ ಜೊತೆ ಮಾತಾಡಿ 22ಕ್ಕೆ ಏರಿಸಿದ್ದೆ. ಹೊಸಬರಿಗೆ ಕಾಣ್ತಿದ್ದದ್ದು 18 ಮಾತ್ರ.

ಫೋನ್ ಇಟ್ಟ ಮೇಲೆ ಅವರಿಂದ ಒಂದು ಮೇಲ್ ತರಿಸಿಕೊಂಡೆ. ಅದು ಕಂಪನಿ ಐಡಿಯಿಂದಲೇ ಬಂದಿದೆಯಾ ಅಂತ ನೋಡಿದೆ, ಯಾಕಂದ್ರೆ "ನಾನೇ ಹೊಸ ರಿಕ್ರೂಟರ್" ಅಂತ ಯಾರು ಬೇಕಾದರೂ ಹೇಳಬಹುದು. ಆಮೇಲೆ ಇಂಟರ್‌ವ್ಯೂ ಇನ್ವೈಟ್ ಬಂದಿದ್ದ ಹಳೇ ಮೇಲ್‌ಗೇ ರಿಪ್ಲೈ ಹೊಡೆದು ಇವರನ್ನೂ ಸೇರಿಸಿದೆ. ಹೊಸ ಮೇಲ್ ಶುರು ಮಾಡಬೇಡಿ. ಹಳೇದರಲ್ಲಿ ತಾರೀಖುಗಳೆಲ್ಲ ತಾವಾಗೇ ಇರುತ್ತವೆ. ಬರೆದದ್ದು ಇಷ್ಟೇ: ಮೊದಲ ರೌಂಡ್ ಯಾವತ್ತು, ಎಷ್ಟು ಗಂಟೆಗೆ, ಯಾರು ಮಾಡಿದ್ದು, ಎರಡನೇ ರೌಂಡ್ ಯಾವತ್ತು, ನೋಟಿಸ್ ಪೀರಿಯಡ್ 60 ದಿನ, ನಿರೀಕ್ಷೆ 22 ಲಕ್ಷ, ಫಾರ್ಮ್‌ನಲ್ಲಿರುವ 18 ಹಳೇದು. ಕೊನೆಗೆ ಒಂದೇ ಪ್ರಶ್ನೆ: ಮುಂದಿನ ರೌಂಡ್ ಯಾವಾಗ? ರೆಸ್ಯೂಮೆ ಮತ್ತೆ ಅಂಟಿಸಲಿಲ್ಲ, ಪೇಸ್ಲಿಪ್ಪೂ ಕಳಿಸಲಿಲ್ಲ.

ಇಂಟರ್‌ವ್ಯೂ ಮಾಡಿದವರ ಹೆಸರು ಸಿಕ್ಕಿದ್ದರಿಂದ ಅವರು ನೇರವಾಗಿ ಅವರನ್ನೇ ಕೇಳಿದರು. ಎರಡು ದಿನದಲ್ಲಿ ಫೀಡ್‌ಬ್ಯಾಕ್ ಬಂತು, ಮೊದಲ ರೌಂಡ್ ಮತ್ತೆ ಕೊಡೋದು ತಪ್ಪಿತು.

ಸಂಬಳದ ಮಾತು ಮಾತ್ರ ಅಷ್ಟು ಸಲೀಸಾಗಲಿಲ್ಲ. ಇನ್ವೈಟ್‌ಗಳು ಮೇಲ್‌ನಲ್ಲಿದ್ದವು, 22ರ ಮಾತಿಗೆ ಎಲ್ಲೂ ಬರಹ ಇರಲಿಲ್ಲ. "ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ನನಗೆ ಕಾಣ್ತಿಲ್ಲ" ಅಂದರು. ಅದು ಅವರ ತಪ್ಪೂ ಅಲ್ಲ. ಹಳೇ ರಿಕ್ರೂಟರ್ ಫೋನ್ ಇಟ್ಟ ಸಂಜೆಯೇ "ಇವತ್ತು ಮಾತಾಡಿದಂತೆ ನನ್ನ ನಿರೀಕ್ಷೆ 22" ಅಂತ ಒಂದು ಸಾಲು ಮೇಲ್ ಹಾಕಿದ್ದರೆ ಆಗ್ತಿತ್ತು. ಕೊನೆಗೆ 20ಕ್ಕೆ ಕೂತಿತು.