ತೆರಿಗೆ ಬಿಲ್ಲಿನ ಫೋಟೋದಲ್ಲಿ ಬಾಕಿ, ದಂಡ, ರಿಯಾಯಿತಿ: ಲೆಕ್ಕ ಎಲ್ಲಿ ತಪ್ಪುತ್ತದೆ?

ಏಪ್ರಿಲ್ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ಬಗೆಯ ಫೋಟೋ ಬರಬಹುದು. ಯಾರದೋ ಮನೆಯ ಆಸ್ತಿ ತೆರಿಗೆ ಬಿಲ್ಲು, ಕೆಳಗೆ ಒಂದು ಸಾಲು: "ಶೇ 5 ರಿಯಾಯಿತಿ ಅಂತಾರೆ, ಆದರೆ ನೋಡಿ, ತೆರಿಗೆಗಿಂತ ಜಾಸ್ತಿ ಕೇಳಿದ್ದಾರೆ!" ಇದು ಮೋಸವೇ? ಬಿಲ್ಲಿನ ಸಾಲುಗಳನ್ನು ಒಂದೊಂದಾಗಿ ಓದಿ ನೋಡೋಣ.

ಮೂರು ಸಾಲು, ಬೇರೆ ಬೇರೆ ವರ್ಷ

ತೆರಿಗೆಯ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳ ಸಾಮಾನ್ಯ ನಿಯಮ ಹೀಗಿದೆ: ಆ ವರ್ಷದ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ 1ರಿಂದ ಕಟ್ಟದೆ ಉಳಿದ ತೆರಿಗೆಗೆ ತಿಂಗಳಿಗೆ ಶೇ 2ರಂತೆ ದಂಡ. ರಿಯಾಯಿತಿಯ ಗಡುವನ್ನು ಸರ್ಕಾರ ಕೆಲವು ವರ್ಷ ಮುಂದಕ್ಕೆ ಹಾಕುವುದೂ ಉಂಟು.

ಗಮನಿಸಬೇಕಾದ್ದು ಇಷ್ಟೇ. ರಿಯಾಯಿತಿ ಸಿಗುವುದು ಚಾಲ್ತಿ ವರ್ಷದ ತೆರಿಗೆಗೆ. ದಂಡ ಬೆಳೆಯುವುದು ಹಳೆಯ ಬಾಕಿಯ ಮೇಲೆ. ಒಂದೇ ಬಿಲ್ಲಿನಲ್ಲಿ ಎರಡೂ ಇರಬಹುದು, ಆದರೆ ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಒಂದು ಲೆಕ್ಕ ಮಾಡೋಣ

ಕೊಟ್ಟೂರಿನ ಒಂದು ಮನೆ ಎಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ವರ್ಷಕ್ಕೆ ₹1,000 ತೆರಿಗೆ ಎಂದಿಟ್ಟುಕೊಳ್ಳೋಣ, ಸೆಸ್ ಮತ್ತು ಕಸ ವಿಲೇವಾರಿ ಶುಲ್ಕವನ್ನು ಬದಿಗಿಡೋಣ. 2023-24 ಮತ್ತು 2024-25ರ ತೆರಿಗೆ ಕಟ್ಟಿಲ್ಲ. ಮಾಲೀಕರು 2025ರ ಏಪ್ರಿಲ್‌ನಲ್ಲಿ ಕಟ್ಟಲು ಹೋಗುತ್ತಾರೆ.

2023-24ರ ತೆರಿಗೆಗೆ 2023ರ ಜುಲೈನಿಂದ ದಂಡ ಶುರು. 2025ರ ಏಪ್ರಿಲ್ ಸೇರಿಸಿದರೆ 22 ತಿಂಗಳು. ತಿಂಗಳಿಗೆ ₹20ರಂತೆ ₹440. 2024-25ರದ್ದು 2024ರ ಜುಲೈನಿಂದ 10 ತಿಂಗಳು, ಅಂದರೆ ₹200. ಒಟ್ಟು ದಂಡ ₹640.

ಈಗ ಬಿಲ್ಲು ಹೀಗೆ ಕಾಣುತ್ತದೆ: ಬಾಕಿ ₹2,000, ದಂಡ ₹640, ಚಾಲ್ತಿ ತೆರಿಗೆ ₹1,000, ರಿಯಾಯಿತಿ ₹50. ಕಟ್ಟಬೇಕಾದ ಮೊತ್ತ ₹3,590.

ಫೋಟೋ ನೋಡಿದವರು ₹3,640ಕ್ಕೆ ಶೇ 5 ಕಳೆದು "₹182 ಬಿಡಬೇಕಿತ್ತು, ₹50 ಮಾತ್ರ ಬಿಟ್ಟಿದ್ದಾರೆ" ಎಂದರೆ ಅಲ್ಲೇ ತಪ್ಪು. ₹50 ಸರಿಯಾಗಿದೆ. ಚಾಲ್ತಿ ವರ್ಷದ ಸಾಲನ್ನು ಬೆರಳಿನಿಂದ ಮುಚ್ಚಿ ನೋಡಿ, ಉಳಿದದ್ದೆಲ್ಲ ಹಳೆಯ ವರ್ಷಗಳ ಕಥೆ.

ನಿಜವಾಗಿಯೂ ತಪ್ಪಿದ್ದರೆ ಗೊತ್ತಾಗುವುದು ಹೇಗೆ?

ಬಿಲ್ಲುಗಳಲ್ಲಿ ತಪ್ಪೇ ಆಗುವುದಿಲ್ಲ ಎಂದಲ್ಲ. ಮೊದಲು ಬಾಕಿಯ ಸಾಲಿಗೆ ಯಾವ ಯಾವ ವರ್ಷ ಸೇರಿವೆ ನೋಡಿ. ತೆರಿಗೆ ವರ್ಷದಿಂದ ವರ್ಷಕ್ಕೆ ಪರಿಷ್ಕರಣೆಯಾಗುವುದರಿಂದ ಸ್ವಲ್ಪ ಏರುಪೇರು ಸಹಜ. ಆದರೆ ಬಾಕಿ ಎರಡು ವರ್ಷದ ತೆರಿಗೆಗಿಂತ ತುಂಬಾ ಹೆಚ್ಚಿದ್ದರೆ ಹಳೆಯ ದಂಡವೂ ಅದರಲ್ಲೇ ಸೇರಿರಬಹುದು. ಆಗ ದಂಡದ ಸಾಲಿನಲ್ಲಿ ಅದೇ ಹಣ ಮತ್ತೆ ಬಂದಿದೆಯೇ ಎಂದು ವರ್ಷವಾರು ವಿವರ ಕೇಳಿ.

ಎರಡನೆಯದು ರಸೀದಿ. ಕಟ್ಟಿದ ವರ್ಷ ಬಾಕಿಯಲ್ಲಿ ಕಾಣಿಸಿದರೆ ಹಳೆಯ ರಸೀದಿಯ ಜತೆ ಕಚೇರಿಗೆ ಹೋಗಿ, ಆಸ್ತಿಯ ಗುರುತಿನ ಸಂಖ್ಯೆ ಎರಡರಲ್ಲೂ ಒಂದೇ ಇದೆಯೇ ಹೋಲಿಸಿ. ಹಣ ಬೇರೆ ಸಂಖ್ಯೆಗೆ ಜಮೆಯಾಗಿದ್ದರೆ ಗೊತ್ತಾಗುವುದು ಅಲ್ಲೇ.

ನೀರಿನ ಬಿಲ್ಲಿನ ವಿಷಯ ಬೇರೆ. ಏಪ್ರಿಲ್‌ನ ಶೇ 5 ರಿಯಾಯಿತಿ ಆಸ್ತಿ ತೆರಿಗೆಯದ್ದು, ಅದನ್ನು ನೀರಿನ ಬಿಲ್ಲಿನಲ್ಲಿ ಹುಡುಕಬೇಡಿ. ಅಲ್ಲಿ "ಹಿಂದಿನ ಬಾಕಿ" ಕಂಡರೆ ಬಿಲ್ಲಿನ ದಿನಾಂಕ ನೋಡಿ. ನೀವು ಹಣ ಕಟ್ಟುವ ಮೊದಲೇ ಬಿಲ್ಲು ತಯಾರಾಗಿದ್ದರೆ ಹಳೆಯ ಮೊತ್ತ ಅದರಲ್ಲಿ ಉಳಿದಿರುತ್ತದೆ, ಅದನ್ನು ಎರಡನೇ ಸಲ ಕಟ್ಟಬೇಕಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಫೋಟೋದಲ್ಲಿ ತೆರಿಗೆ ವರ್ಷ ಕಾಣುತ್ತಿದೆಯೇ? ಇಲ್ಲದಿದ್ದರೆ ತಲೆಬರಹ ನೋಡಿ. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಹರಪನಹಳ್ಳಿ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. "ದಾವಣಗೆರೆ ಜಿಲ್ಲೆ" ಎಂದಿರುವ ಹರಪನಹಳ್ಳಿಯ ಬಿಲ್ಲು "ಈ ವರ್ಷದ್ದು" ಎಂದು ಬಂದರೆ ಅನುಮಾನಪಡಲು ಅದು ಸಾಕು. ಹಳ್ಳಿಗಳ ಮನೆ ತೆರಿಗೆ ಗ್ರಾಮ ಪಂಚಾಯಿತಿಯದ್ದು, ಅದಕ್ಕೆ ಪಟ್ಟಣದ ಈ ಲೆಕ್ಕ ಹಾಕಬೇಡಿ.

ನಿಮ್ಮದೇ ಬಿಲ್ಲನ್ನು ಗುಂಪಿಗೆ ಹಾಕುವುದಾದರೆ ಹೆಸರು, ಮೊಬೈಲ್ ಸಂಖ್ಯೆ, ಆಸ್ತಿ ಸಂಖ್ಯೆ ಮುಚ್ಚಿ. ಯಾರೋ ಕಳಿಸಿದ ಬಿಲ್ಲಿನ ಫೋಟೋದಲ್ಲಿರುವ ಕ್ಯೂಆರ್ ಕೋಡ್‌ಗೆ ಹಣ ಹಾಕಬೇಡಿ. "ಜಾಸ್ತಿ ಕೇಳಿದ್ದಾರೆ" ಎಂಬ ಮಾತು ನಂಬಿ ಕಟ್ಟದೆ ಕೂತರೂ ನಷ್ಟವೇ: ₹2,000 ಬಾಕಿಗೆ ತಿಂಗಳಿಗೆ ₹40 ದಂಡ ಏರುತ್ತಲೇ ಇರುತ್ತದೆ.